ಇಸವಿಯ ಮರೆಯಲ್ಲಿ

ಹಳೆಯ ಕೆಲಸಗಳ ತಾರೀಖು ಮರೆತವರಿಗೆ ರೆಸ್ಯೂಮೆ ಬರೆದುಕೊಡುವವರು ಹೇಳುವ ಮದ್ದು ಒಂದೇ: ತಿಂಗಳು ಬೇಡ, ಇಸವಿ ಸಾಕು. ಈ ಮದ್ದಿಗೆ ಊರೆಲ್ಲ ಒಳ್ಳೆಯ ಹೆಸರಿದೆ. ಪ್ಲೇಸ್‌ಮೆಂಟ್ ತರಬೇತಿಯವರು ಇದನ್ನೇ ಹೇಳುತ್ತಾರೆ, ಜೆರಾಕ್ಸ್ ಅಂಗಡಿಯಲ್ಲಿ ಕೂತು ಬಯೋಡೇಟಾ ಟೈಪ್ ಮಾಡಿಕೊಡುವ ಹುಡುಗನೂ ಇದನ್ನೇ ಹೇಳುತ್ತಾನೆ. ಸುಳ್ಳು ಹೇಳಿದಂತೆ ಆಗಲಿಲ್ಲ, ಮರೆತಿದ್ದೇನೆ ಎಂದು ಒಪ್ಪಿಕೊಂಡಂತೆಯೂ ಆಗಲಿಲ್ಲ, ಪುಟ ನೋಡಲು ಚೊಕ್ಕ. ಇಷ್ಟೆಲ್ಲ ಗುಣವಿರುವ ಪದ್ಧತಿಯನ್ನು ಯಾರೂ ಕೂತು ಓದಿ ನೋಡಿದಂತಿಲ್ಲ ಎನ್ನುವುದೇ ನನ್ನ ತಕರಾರು. ಓದಿ ನೋಡಿದರೆ ಅದು ಪ್ರಾಮಾಣಿಕವೂ ಅಲ್ಲ, ಉಪಯೋಗಕ್ಕೆ ಬರುವಂಥದ್ದೂ ಅಲ್ಲ. ಅದರ ಹೆಸರಿನ ನೆರಳಿನಲ್ಲಿ ಇನ್ನೊಂದು ಪದ್ಧತಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಟ್ಟಿದೆ. ಸೇರಿದ್ದು ಯಾವ ತಿಂಗಳಿಂದ ಯಾವ ತಿಂಗಳೊಳಗೆ, ಬಿಟ್ಟದ್ದು ಯಾವ ತಿಂಗಳಿಂದ ಯಾವ ತಿಂಗಳೊಳಗೆ ಎಂದು, ಅಂದಾಜನ್ನು ಅಂದಾಜು ಎಂದೇ ಕರೆದು ಬರೆಯುವ ಪದ್ಧತಿ ಅದು.

‘2013–2014’ ಎಂಬ ಸಾಲನ್ನು ತೆಗೆದುಕೊಳ್ಳಿ. 2013ರ ಡಿಸೆಂಬರ್ 31ಕ್ಕೆ ಸೇರಿ ಮರುದಿನವೇ ಬಿಟ್ಟವನೂ ಹೀಗೆ ಬರೆಯಬಹುದು. 2013ರ ಜನವರಿ 1ಕ್ಕೆ ಸೇರಿ 2014ರ ಡಿಸೆಂಬರ್ 31ರ ಸಂಜೆಯವರೆಗೆ ದುಡಿದವನೂ ಹೀಗೇ ಬರೆಯಬೇಕು. ಎರಡು ದಿನವೂ ಎರಡು ವರ್ಷವೂ ಒಂದೇ ಸಾಲಿನಲ್ಲಿ ಹಾಯಾಗಿ ಕೂರುತ್ತವೆ. ‘2009–2013’ ಎಂದರೆ ಮೂರು ವರ್ಷದ ಮೇಲೆ ಎರಡು ದಿನವೂ ಆಗಬಹುದು, ಪೂರ್ತಿ ಐದು ವರ್ಷವೂ ಆಗಬಹುದು. ಕೆಲಸ ಎಷ್ಟೇ ಉದ್ದವಿರಲಿ, ಈ ಬರವಣಿಗೆಯಲ್ಲಿ ಸಡಿಲ ಮಾತ್ರ ಸರಿಸುಮಾರು ಎರಡು ವರ್ಷವೇ. ಒಂದೇ ಕಡೆ ಇಪ್ಪತ್ತೈದು ವರ್ಷ ಇದ್ದವರಿಗೆ ಇದರಿಂದ ಏನೂ ಆಗುವುದಿಲ್ಲ, ಅವರು ಇಸವಿಯನ್ನೇ ಬರೆಯಲಿ. ತೊಂದರೆ ಇರುವುದು ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸಿದವರಿಗೆ, ಕಾರ್ಖಾನೆ ಮುಚ್ಚಿ ಹೊರಬಿದ್ದವರಿಗೆ. ತಾರೀಖು ಮರೆಯುವವರೂ ಕಾಗದ ಕಳೆದುಕೊಳ್ಳುವವರೂ ಹೆಚ್ಚಾಗಿ ಅವರೇ. ಅಂದರೆ ಈ ಮದ್ದು ಯಾರಿಗೆ ಅತಿ ಹೆಚ್ಚು ಬೇಕೋ ಅವರಿಗೇ ಅತಿ ಕೆಟ್ಟದಾಗಿ ಕೆಲಸ ಮಾಡುತ್ತದೆ.

ಇದರಲ್ಲಿ ಸುಳ್ಳೆಲ್ಲಿದೆ ಎಂದು ಕೇಳುವವರಿದ್ದಾರೆ. ಸಾಲಿನಲ್ಲಿ ಸುಳ್ಳಿಲ್ಲ, ನಿಜ. ಆದರೆ ಓದುವವರು ಕಳೆಯುವ ಲೆಕ್ಕ ಮಾಡುತ್ತಾರೆ: 2013ರಲ್ಲಿ 2009 ಹೋದರೆ ನಾಲ್ಕು. ಅವರು ಹಾಗೆ ಕಳೆಯುತ್ತಾರೆ ಎಂಬುದು ಬರೆದವರಿಗೆ ಗೊತ್ತು, ಬರೆಸಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಸುಳ್ಳನ್ನು ತಾನು ಹೇಳದೆ ಓದುವವರ ಬಾಯಲ್ಲಿ ಹೇಳಿಸುವ ಚಮತ್ಕಾರ ಇದು. ಇದನ್ನು ಜಾಣತನ ಎನ್ನಿ, ಬೇಡವೆನ್ನುವುದಿಲ್ಲ. ಮರೆವಿಗೆ ಪರಿಹಾರ ಎಂದು ಮಾತ್ರ ಕರೆಯಬೇಡಿ.

ಇದಕ್ಕೆ ತದ್ವಿರುದ್ಧವಾದ ದೋಷವೂ ಉಂಟು. ಕೆಲವರು ನೆನಪಿಲ್ಲದ ದಿನವನ್ನು ನೆನಪಿರುವಂತೆ ಬರೆಯುತ್ತಾರೆ: 03-08-2009ರಿಂದ 30-11-2013. ಆನ್‌ಲೈನ್ ಅರ್ಜಿ ದಿನ ಕೇಳಿತು, ಕೊಟ್ಟರು. ಕೆಲಸ ಸಿಕ್ಕ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವ ಏಜೆನ್ಸಿ ಹಳೆಯ ಕಂಪನಿಗೆ ಫೋನು ಹಚ್ಚುತ್ತದೆ, ಪಿಎಫ್ ದಾಖಲೆ ತೆಗೆಸುತ್ತದೆ, ಅಲ್ಲಿ ಸಿಕ್ಕ ತಾರೀಖನ್ನು ಇವರು ಕೊಟ್ಟ ತಾರೀಖಿನ ಪಕ್ಕದಲ್ಲಿ ಇಡುತ್ತದೆ. ವರದಿಯಲ್ಲಿ ಸಾಲಿಗೊಂದು ಬಣ್ಣ: ಹಸಿರು, ಅಂಬರ್, ಕೆಂಪು. ಕಂಪನಿ ಮುಚ್ಚಿ ಉತ್ತರವೇ ಬರದಿದ್ದರೆ ‘ಪರಿಶೀಲಿಸಲಾಗಲಿಲ್ಲ’ ಎನ್ನುವ ಬೇರೆಯೇ ಷರಾ ಬೀಳುತ್ತದೆ. ಆ ಷರಾಕ್ಕೆ ಅಂಜಬೇಕಾಗಿಲ್ಲ, ಮುಚ್ಚಿದ ಕಂಪನಿಯಿಂದ ಉತ್ತರ ತರಿಸುವುದು ಯಾರಿಂದಲೂ ಆಗದು. ಅಂಜಬೇಕಾದ್ದು ಹೊಂದಿಕೆಯಾಗದ ತಾರೀಖಿಗೆ. ‘ಅಂದಾಜು’ ಎಂದು ಬರೆದವನ ಆಗಸ್ಟ್ ಜುಲೈ ಆದರೆ ಅದು ಅಂದಾಜಿನ ಒಳಗೇ ಇರುತ್ತದೆ. ಮೂರನೇ ತಾರೀಖು ಎಂದು ಬರೆದವನ ಆಗಸ್ಟ್ ಜುಲೈ ಆದರೆ ಅದು ತಪ್ಪು ಮಾಹಿತಿ. ಮರೆತದ್ದು ಇಬ್ಬರೂ ಒಂದೇ ತಿಂಗಳನ್ನು. ತನ್ನ ಮರೆವನ್ನು ಮುಚ್ಚಿಟ್ಟವನು ಮಾತ್ರ ಸಿಕ್ಕಿಬೀಳುತ್ತಾನೆ.

ಈ ವಾದವನ್ನು ಗಾಳಿಯಲ್ಲಿ ನಿಲ್ಲಿಸುವುದಕ್ಕಿಂತ ಒಂದು ರೆಸ್ಯೂಮೆಯ ಮೇಲೆ ಇಟ್ಟು ನೋಡುವುದು ಮೇಲು. ನನಗೆ ಪರಿಚಯದ ಒಬ್ಬರು ಲೆಕ್ಕಪತ್ರ ಸಹಾಯಕರು. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಅಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ ಇದ್ದರು, ಆಮೇಲೆ ಪೀಣ್ಯದ ಒಂದು ಬಿಡಿಭಾಗದ ಕಾರ್ಖಾನೆ, ಅದು ಮುಚ್ಚಿದ ಮೇಲೆ ಯಶವಂತಪುರದ ಕಡೆ ಒಂದು ಟ್ರಾನ್ಸ್‌ಪೋರ್ಟ್ ಕಂಪನಿ. ತರಬೇತಿ ಕೇಂದ್ರವೊಂದು ಅವರಿಗೆ ಬರೆದುಕೊಟ್ಟ ಸಾಲುಗಳು ಹೀಗಿದ್ದವು: 2007–2009, 2009–2014, 2014–2019. ಒಂದಕ್ಕೊಂದು ತಾಗಿ ನಿಂತ, ಸಂದೇ ಇಲ್ಲದ ಹನ್ನೆರಡು ವರ್ಷ. ಕಾರ್ಖಾನೆ ಮುಚ್ಚಿದ್ದು 2013ರಲ್ಲಿ. ಮಧ್ಯದ ಸಾಲಿನ 2014 ಎಲ್ಲಿಂದ ಬಂತು ಎಂದು ಕೇಳಿದೆ. “ಅವರೇ ಹಾಕಿದ್ರು ಸರ್. ಗ್ಯಾಪ್ ಕಾಣಬಾರದಂತೆ. ಹೇಗೂ ಆ ಕಂಪನಿನೇ ಇಲ್ವಲ್ಲ, ಯಾರು ಕೇಳ್ತಾರೆ ಅಂದ್ರು.” ಇಸವಿಯ ಪದ್ಧತಿ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ತಿಂಗಳನ್ನು ಬಿಡುವ ಅಭ್ಯಾಸವಾದ ಕೈ ಇಸವಿಯನ್ನೂ ಒಂದು ಮನೆ ಮುಂದೆ ಸರಿಸುತ್ತದೆ, ಸರಿಸಿದ್ದು ಸರಿಸಿದಂತೆ ಅನ್ನಿಸುವುದೂ ಇಲ್ಲ.

ಪೀಣ್ಯದ ಕೆಲಸವನ್ನೇ ಹಿಡಿದು ಕೂತೆವು. ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲ, ರಿಲೀವಿಂಗ್ ಲೆಟರ್ ಕೊಟ್ಟೇ ಇಲ್ಲ. ಪಿಎಫ್ ಇತ್ತು, ಆದರೆ ಕೆಲಸ ಹೋದ ಮೇಲೆ ಹಣ ತೆಗೆದಿದ್ದರು. ಯುಎಎನ್ ಸಂಖ್ಯೆ ಬಂದದ್ದು 2014ರಲ್ಲಿ. ಅದಕ್ಕೆ ಮುಂಚೆಯೇ ಲೆಕ್ಕ ಚುಕ್ತಾ ಮಾಡಿಸಿಕೊಂಡವರು ಈಗ ಪೋರ್ಟಲ್ ತೆರೆದು ಹುಡುಕಿದರೆ ಆ ಖಾತೆ ಸಿಗುವುದಿಲ್ಲ. ‘ಯುಎಎನ್‌ನಲ್ಲಿ ಎಲ್ಲ ಇರುತ್ತೆ’ ಎಂದು ಭರವಸೆ ಕೊಡುವವರು ಇದನ್ನು ಹೇಳುವುದಿಲ್ಲ. ಆದಾಯ ತೆರಿಗೆಯ 26ಎಎಸ್ ಕೂಡ ನೆರವಿಗೆ ಬರಲಿಲ್ಲ, ಆ ಸಂಬಳಕ್ಕೆ ಟಿಡಿಎಸ್ ಕಡಿದಿರಲೇ ಇಲ್ಲ. ಕೊನೆಗೆ ಸಿಕ್ಕಿದ್ದು ಹಳೆಯ ಫೈಲಿನಲ್ಲಿದ್ದ 2009–10ರ ವಾರ್ಷಿಕ ಪಿಎಫ್ ಸ್ಲಿಪ್, ಒಂದು ಬ್ಯಾಂಕ್ ಪಾಸ್‌ಬುಕ್, ಮತ್ತು ದಾಸರಹಳ್ಳಿಯ ಬಾಡಿಗೆ ಕೋಣೆಯ ಕರಾರು ಪತ್ರ.

ವಾರ್ಷಿಕ ಸ್ಲಿಪ್ಪನ್ನು ಹೆಚ್ಚಿನವರು ನೋಡಿ ಪಕ್ಕಕ್ಕಿಡುತ್ತಾರೆ. ಅದರಲ್ಲಿ ತಿಂಗಳ ಹೆಸರಿಲ್ಲ, ವರ್ಷದ ಮೊತ್ತ ಮಾತ್ರ. ತಿಂಗಳು ತಿಂಗಳಿಗೆ ಬಿಡಿಸಿ ತೋರಿಸುವ ಎಲೆಕ್ಟ್ರಾನಿಕ್ ಚಲನ್ ಬಂದದ್ದು 2012ರಲ್ಲಿ. ಆದರೂ ಈ ಮೂಕ ಕಾಗದವನ್ನು ಮಾತಾಡಿಸಬಹುದು. ಇವರ ಮೂಲ ವೇತನವೂ ಡಿಎಯೂ ಸೇರಿ 4,000 ರೂಪಾಯಿ, ಅದರ ಶೇಕಡಾ 12 ಅಂದರೆ 480 ತಿಂಗಳಿಗೆ ಇವರ ಕಡೆಯಿಂದ ಕಡಿತ. ಸ್ಲಿಪ್ಪಿನಲ್ಲಿ ನೌಕರನ ಪಾಲಿನ ಅಂಕಣ ನೋಡಬೇಕು. ಮಾಲೀಕರ ಪಾಲಿನಲ್ಲಿ ಶೇಕಡಾ 8.33 ಪಿಂಚಣಿಗೆ ಹೋಗಿ 3.67 ಮಾತ್ರ ಉಳಿಯುವುದರಿಂದ ಅಲ್ಲಿ ಲೆಕ್ಕ ಕೆಡುತ್ತದೆ. ನೌಕರನ ಪಾಲು 3,360 ಇತ್ತು. 480ರಿಂದ ಭಾಗಿಸಿದರೆ ಏಳು. ಶೇಷವಿಲ್ಲ. ಏಳು ಪೂರ್ತಿ ತಿಂಗಳು.

ಯಾವ ಏಳು? ಇಲ್ಲಿಯೇ ಎಲ್ಲರೂ ಎಡವುವುದು. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್, ಹಾಗಾಗಿ ಕೊನೆಯ ಏಳು ತಿಂಗಳು ಸೆಪ್ಟೆಂಬರ್‌ನಿಂದ ಮಾರ್ಚ್ ಎಂದು ಥಟ್ಟನೆ ಅನ್ನಿಸುತ್ತದೆ. ಆದರೆ ಒಂದು ತಿಂಗಳ ಸಂಬಳದ ಪಿಎಫ್ ಕಟ್ಟುವುದು ಮುಂದಿನ ತಿಂಗಳು, ಹದಿನೈದನೇ ತಾರೀಖಿನೊಳಗೆ. ಮಾರ್ಚ್ ಸಂಬಳದ ಹಣ ಏಪ್ರಿಲ್‌ನಲ್ಲಿ ಹೋಗುತ್ತದೆ, ಹೊಸ ವರ್ಷದ ಲೆಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಪಿಎಫ್ ವರ್ಷದಲ್ಲಿ ಅಡಗಿರುವ ಸಂಬಳದ ತಿಂಗಳುಗಳು ಮಾರ್ಚ್‌ನಿಂದ ಫೆಬ್ರವರಿ. ಅಲ್ಲಿಂದ ಹಿಂದಕ್ಕೆ ಏಳು ಎಣಿಸಿದರೆ ಫೆಬ್ರವರಿ, ಜನವರಿ, ಡಿಸೆಂಬರ್, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್, ಆಗಸ್ಟ್. ಆಗಸ್ಟ್ 2009ರ ಪೂರ್ತಿ ಸಂಬಳಕ್ಕೆ ಪಿಎಫ್ ಕಡಿದಿದೆ. ಅಂದರೆ ಆಗಸ್ಟ್ 1ರ ಹೊತ್ತಿಗೆ ಇವರು ಕೆಲಸದಲ್ಲಿದ್ದರು. ಮೊತ್ತ 3,600 ಇದ್ದಿದ್ದರೆ ಏಳೂವರೆ ತಿಂಗಳು, ಜುಲೈ ಮಧ್ಯದಲ್ಲಿ ಸೇರಿರಬೇಕು ಎಂದು ಊಹಿಸಬಹುದಿತ್ತು. ವರ್ಷದ ನಡುವೆ ಸಂಬಳ ಏರಿದ್ದರೆ ಈ ಭಾಗಾಕಾರ ನಿಲ್ಲುವುದಿಲ್ಲ, ಶೇಷ ಉಳಿದಾಗ ಮೊದಲು ಆ ಸಂಶಯ ಬರಬೇಕು.

ಇಷ್ಟಾದರೂ ‘ಆಗಸ್ಟ್ 2009’ ಎಂದು ಬರೆಯುವ ಹಾಗಿಲ್ಲ. ಪಿಎಫ್ ಶುರುವಾದ ತಿಂಗಳೇ ಕೆಲಸ ಶುರುವಾದ ತಿಂಗಳು ಅಲ್ಲ. ಸಣ್ಣ ಕಾರ್ಖಾನೆಗಳು ಹೊಸಬರನ್ನು ಒಂದೆರಡು ತಿಂಗಳು ನೋಡಿ ಆಮೇಲೆ ಪಿಎಫ್‌ಗೆ ಸೇರಿಸುವುದು ಕಾನೂನಿನಲ್ಲಿ ಇಲ್ಲದಿದ್ದರೂ ರೂಢಿಯಲ್ಲಿದೆ. ಇವರೂ ಹಾಗೇ ಹೇಳಿದರು. ಪಿಎಫ್ ದಾಖಲೆ ಕೊಡುವುದು ‘ಇದಕ್ಕಿಂತ ತಡವಾಗಿ ಅಲ್ಲ’ ಎಂಬ ಒಂದು ಮೇರೆಯನ್ನು ಮಾತ್ರ. ‘ಇದಕ್ಕಿಂತ ಮೊದಲು ಅಲ್ಲ’ ಎಂಬ ಇನ್ನೊಂದು ಮೇರೆ ಬೇರೆ ಕಡೆಯಿಂದ ಬರಬೇಕು. ಅದನ್ನು ಕೊಟ್ಟದ್ದು ಬಾಡಿಗೆ ಕರಾರು. ಕೋಣೆ ಹಿಡಿದದ್ದು ಜೂನ್ 2009ರಲ್ಲಿ, ಕೆಲಸ ಹುಡುಕಿದ್ದು ಆ ಕೋಣೆಯಲ್ಲಿದ್ದುಕೊಂಡು. ಹಾಗಾಗಿ ಸೇರಿದ್ದು ಜೂನ್‌ನಿಂದ ಆಗಸ್ಟ್ ಆರಂಭದೊಳಗೆ.

ಬಿಟ್ಟದ್ದು ಯಾವಾಗ? ಆ ವರ್ಷದ ಆಯುಧಪೂಜೆಗೆ ಅವರು ಕಾರ್ಖಾನೆಯಲ್ಲಿದ್ದರು, ಮೆಷಿನ್‌ಗಳಿಗೆ ಕುಂಬಳಕಾಯಿ ಒಡೆದದ್ದು ಅದೇ ಕೊನೆ. 2013ರಲ್ಲಿ ಆಯುಧಪೂಜೆ ಬಂದದ್ದು ಅಕ್ಟೋಬರ್ ಮಧ್ಯದಲ್ಲಿ. ಹಬ್ಬದ ನೆನಪು ಗಟ್ಟಿಯಾದದ್ದು, ಆದರೆ ಅದನ್ನು ತಿಂಗಳಿಗೆ ಇಳಿಸುವಾಗ ಆ ವರ್ಷದ ಪಂಚಾಂಗವನ್ನೇ ನೋಡಬೇಕು. 2007ರಲ್ಲಿ ದೀಪಾವಳಿ ನವೆಂಬರ್ 9ಕ್ಕೆ, 2009ರಲ್ಲಿ ಅಕ್ಟೋಬರ್ 17ಕ್ಕೆ. ‘ದೀಪಾವಳಿ ಕಳೆದ ಕೂಡಲೇ’ ಎಂಬ ಒಂದೇ ಮಾತು ಎರಡು ಬೇರೆ ತಿಂಗಳುಗಳಿಗೆ ಹೋಗಿ ಬೀಳುತ್ತದೆ. ಇನ್ನೊಂದು ಮೇರೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿತ್ತು: ಪಿಎಫ್ ಹಣ ಜಮಾ ಆದದ್ದು 2014ರ ಫೆಬ್ರವರಿ ಮಧ್ಯದಲ್ಲಿ. ಆಗ ಆ ಹಣಕ್ಕೆ ಫಾರಂ 19 ಹಾಕಬೇಕಾದರೆ ಕೆಲಸ ಬಿಟ್ಟು ಎರಡು ತಿಂಗಳು ಕಳೆದಿರಬೇಕಿತ್ತು. ಅಂದರೆ ಡಿಸೆಂಬರ್ ಮಧ್ಯದ ಆಚೆಗೆ ಅವರು ಕೆಲಸದಲ್ಲಿ ಇರಲು ಸಾಧ್ಯವಿಲ್ಲ. ಕ್ಲೇಮ್ ಪಾಸಾಗಲು ವಾರಗಳೇ ಹಿಡಿದಿರುತ್ತವೆ, ನಿಜವಾಗಿ ಬಿಟ್ಟದ್ದು ನವೆಂಬರ್‌ನಲ್ಲೇ ಇರಬೇಕು. ಆದರೆ ‘ಇರಬೇಕು’ ಎನ್ನುವುದನ್ನು ಮೇರೆಯೊಳಗೆ ಸೇರಿಸಬಾರದು. ಕಾಗದ ಹೇಳುವುದು ಅಕ್ಟೋಬರ್‌ನಿಂದ ಡಿಸೆಂಬರ್.

ಈಗ ಎರಡು ಸಾಲುಗಳನ್ನು ಪಕ್ಕಪಕ್ಕ ಇಡಿ. ಪ್ರಾಮಾಣಿಕವಾದ ಇಸವಿ ಸಾಲು ‘2009–2013’ ಹೇಳುವುದು ಮೂರರಿಂದ ಐದು ವರ್ಷ. ‘ಜೂನ್/ಆಗಸ್ಟ್ 2009ರಿಂದ ಅಕ್ಟೋಬರ್/ಡಿಸೆಂಬರ್ 2013, ಅಂದಾಜು’ ಎಂಬ ಸಾಲು ಹೇಳುವುದು ಕನಿಷ್ಠ ನಾಲ್ಕು ವರ್ಷ ಎರಡು ತಿಂಗಳು, ಹೆಚ್ಚೆಂದರೆ ನಾಲ್ಕೂವರೆ ವರ್ಷಕ್ಕಿಂತ ತುಸು ಮೇಲೆ. ‘ಕನಿಷ್ಠ ನಾಲ್ಕು ವರ್ಷ ಅನುಭವ’ ಎಂದು ಕೇಳುವ ಜಾಹೀರಾತಿಗೆ ಮೊದಲ ಸಾಲು ಉತ್ತರವನ್ನೇ ಕೊಡುವುದಿಲ್ಲ, ಎರಡನೆಯದು ತನ್ನ ಅತಿ ಕಡಿಮೆ ಲೆಕ್ಕದಲ್ಲಿಯೂ ಗೆಲ್ಲುತ್ತದೆ. ಮರೆತಿದ್ದೇನೆ ಎಂದು ಒಪ್ಪಿಕೊಂಡ ಸಾಲೇ ಹೆಚ್ಚು ಹೇಳುತ್ತದೆ, ಮತ್ತು ಅಭ್ಯರ್ಥಿಗೆ ಹೆಚ್ಚು ಲಾಭ ತರುತ್ತದೆ. ಪ್ರಾಮಾಣಿಕತೆಗೆ ನಷ್ಟವೇ ಗತಿ ಎಂದುಕೊಂಡವರು ಈ ಲೆಕ್ಕವನ್ನು ಮಾಡಿ ನೋಡಿಲ್ಲ.

ಒಳಮೇರೆಗಳನ್ನೇ ಬರೆದುಬಿಡಬಾರದೇಕೆ, ‘ಆಗಸ್ಟ್ 2009 – ಅಕ್ಟೋಬರ್ 2013’ ಎಂದು? ಅತಿ ತಡವಾಗಿ ಸೇರಿದ್ದು, ಅತಿ ಬೇಗ ಬಿಟ್ಟದ್ದು. ಹೀಗೆ ಬರೆದವನು ಒಂದು ದಿನವನ್ನೂ ಹೆಚ್ಚಾಗಿ ಕೇಳಿಕೊಂಡಂತಲ್ಲ, ಹಾಗಾಗಿ ಇದು ಅತ್ಯಂತ ಸಾಧು ಎಂದು ಕೆಲವರ ಮತ. ನನಗೆ ಒಪ್ಪಿಗೆಯಿಲ್ಲ. ಕೆಲಸದ ಅವಧಿಯನ್ನು ಎರಡೂ ಕಡೆ ಕತ್ತರಿಸಿದರೆ ಕೆಲಸಗಳ ನಡುವಿನ ಖಾಲಿ ಅವಧಿ ಅಷ್ಟೇ ಹಿಗ್ಗುತ್ತದೆ. ಇವರ ಮುಂದಿನ ಕೆಲಸ ಶುರುವಾದದ್ದು ಏಪ್ರಿಲ್ ಅಥವಾ ಮೇ 2014ರಲ್ಲಿ. ಡಿಸೆಂಬರ್‌ನಿಂದ ಎಣಿಸಿದರೆ ಖಾಲಿ ಇದ್ದದ್ದು ನಾಲ್ಕು ತಿಂಗಳೂ ಇರಬಹುದು, ಅಕ್ಟೋಬರ್‌ನಿಂದ ಎಣಿಸಿದರೆ ಏಳಕ್ಕೆ ಹತ್ತಿರ. ಅನುಭವವನ್ನು ಕಡಿಮೆ ಹೇಳುವ ವಿನಯ ನಿರುದ್ಯೋಗವನ್ನು ಹೆಚ್ಚು ಹೇಳುತ್ತದೆ. ಅದೂ ತಪ್ಪು ಮಾಹಿತಿಯೇ, ತನ್ನ ವಿರುದ್ಧ ತಾನೇ ಹೇಳಿಕೊಂಡದ್ದು ಎಂಬುದಷ್ಟೇ ವ್ಯತ್ಯಾಸ. ಅವಧಿಯನ್ನು ಮೇರೆಗಳ ಸಮೇತ ಬರೆದು, ಒಟ್ಟು ಅನುಭವ ಕೂಡುವಾಗ ಮಾತ್ರ ಒಳಮೇರೆ ಹಿಡಿದು ‘ಕನಿಷ್ಠ’ ಎಂದು ಹಾಕುವುದು ಸರಿ. ‘ಅಂದಾಜು’ ಎಂಬ ಮಾತನ್ನು ಸಾಲಿನ ಆರಂಭದಲ್ಲಿ ಒಮ್ಮೆ ಹಾಕಿ ಕೈತೊಳೆದುಕೊಳ್ಳುವುದೂ ಸಾಲದು. ಸಂಶಯ ಒಂದು ತುದಿಗೆ ಮಾತ್ರ ಇದ್ದರೆ ಆ ತುದಿಯ ಪಕ್ಕದಲ್ಲೇ ಅದಿರಬೇಕು. ಟ್ರಾನ್ಸ್‌ಪೋರ್ಟ್ ಕಂಪನಿ ಬಿಟ್ಟ ತಾರೀಖಿಗೆ ಇವರ ಬಳಿ ರಿಲೀವಿಂಗ್ ಲೆಟರ್ ಇತ್ತು, ಸಂಶಯವಿದ್ದದ್ದು ಸೇರಿದ ತಿಂಗಳಿಗೆ ಮಾತ್ರ.

ಆ ಮೂರನೇ ಕೆಲಸಕ್ಕೆ ಯುಎಎನ್ ಪಾಸ್‌ಬುಕ್ ಇತ್ತು. ಅಲ್ಲಿನ ಮೊದಲ ನಮೂದು `Cont. For Due-Month 062014`. ಓದಿದವರೆಲ್ಲ ಜೂನ್‌ನಲ್ಲಿ ಸೇರಿದ್ದು ಎನ್ನುತ್ತಾರೆ. ಅದು ಹಣ ಕಟ್ಟಬೇಕಾದ ತಿಂಗಳು, ಸಂಬಳದ ತಿಂಗಳು ಮೇ. ಸ್ಲಿಪ್ಪಿನಲ್ಲಿ ಕಂಡ ಒಂದು ತಿಂಗಳ ಸರಿತವೇ ಇಲ್ಲಿಯೂ ಇದೆ. ಪಕ್ಕದಲ್ಲಿರುವ `Wage Month` ಅಂಕಣವನ್ನು ನೋಡಿದರೆ ಗೊತ್ತಾಗುತ್ತದೆ, ನೋಡುವವರು ಕಡಿಮೆ. ‘ಸರ್ವಿಸ್ ಹಿಸ್ಟರಿ’ ಪುಟದಲ್ಲಿ ಕಾಣುವ `DOJ EPF` ಕೂಡ ಪಿಎಫ್‌ಗೆ ಸೇರಿದ ದಿನ, ಕಂಪನಿಗೆ ಸೇರಿದ ದಿನವಲ್ಲ. ಇನ್ನು ಬಿಟ್ಟ ದಿನದ ಕತೆ ಇನ್ನೂ ಸ್ವಾರಸ್ಯ. ಮಾಲೀಕರು ಅದನ್ನು ನಮೂದಿಸದೆ ಬಿಟ್ಟರೆ ನೌಕರನೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಲು 2020ರ ಜನವರಿಯಿಂದ ಅವಕಾಶವಿದೆ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾಗಿರಬೇಕು, ಆ ಕೊನೆಯ ತಿಂಗಳೊಳಗಿನ ಯಾವ ದಿನವನ್ನಾದರೂ ಆರಿಸಿಕೊಳ್ಳಬಹುದು. ಯಾವ ದಿನವನ್ನಾದರೂ! ಸರ್ಕಾರಿ ದಾಖಲೆಯಲ್ಲಿ ದಿನ, ತಿಂಗಳು, ವರ್ಷ ಎಂದು ಕಡೆದಿಟ್ಟಂತೆ ಕಾಣುವ ತಾರೀಖಿನ ಸತ್ಯವೂ ತಿಂಗಳ ಮಟ್ಟದ್ದೇ.

ಇಲ್ಲಿ ನನ್ನ ಎರಡನೇ ಜಗಳ. ಇಸವಿ ಸಾಕು ಎನ್ನುವ ತರಬೇತುದಾರರಿಗಿಂತ ನನಗೆ ಹೆಚ್ಚು ಕಿರಿಕಿರಿ ಮಾಡುವವರು ಮಾನವ ಸಂಪನ್ಮೂಲ ವಿಭಾಗದ ಶುದ್ಧವಾದಿಗಳು. ತಾರೀಖು ಖಚಿತವಾಗಿ ಗೊತ್ತಿದ್ದರೆ ಬರೆಯಿರಿ, ಇಲ್ಲವಾದರೆ ಆ ಕೆಲಸವನ್ನೇ ಬಿಟ್ಟುಬಿಡಿ ಎನ್ನುವುದು ಅವರ ಉಪದೇಶ. ‘ಅಂದಾಜು’ ಎಂಬ ಮಾತು ಕಂಡರೆ ಅಭ್ಯರ್ಥಿಯ ಮೇಲೆ ನಂಬಿಕೆ ಹೋಗುತ್ತದೆಯಂತೆ. ಕನ್ನಡ ಸಾಹಿತ್ಯ ಚರಿತ್ರೆಯ ಯಾವ ಪುಸ್ತಕವನ್ನಾದರೂ ತೆರೆದವರಿಗೆ ಈ ಮಾತು ಕೇಳಿ ನಗು ಬರಬೇಕು. ಕವಿಯ ಹೆಸರಿನ ಪಕ್ಕದಲ್ಲಿ ‘ಸು.’ ಎಂದು ಹಾಕಿ ಇಸವಿ ಕೊಡುವುದು ಆರ್. ನರಸಿಂಹಾಚಾರ್ಯರ ಕವಿಚರಿತೆಯ ಕಾಲದಿಂದ ನಮಗೆ ರೂಢಿ. ಹಲ್ಮಿಡಿ ಶಾಸನಕ್ಕೆ ಸು. 450 ಎನ್ನುತ್ತೇವೆ. ಅದರಲ್ಲಿ ಇಸವಿ ಇಲ್ಲ, ಲಿಪಿಯನ್ನೂ ಭಾಷೆಯನ್ನೂ ನೋಡಿ ಕಟ್ಟಿದ ಕಾಲ ಅದು. ಆ ‘ಸು.’ ಕಂಡು ಶಾಸನವೇ ಸುಳ್ಳು ಎಂದವರಿಲ್ಲ. ಬದಲಿಗೆ ಖಚಿತ ತಿಥಿ, ವಾರ ಕೊಟ್ಟ ಶಾಸನವನ್ನೇ ವಿದ್ವಾಂಸರು ಲೆಕ್ಕ ಹಾಕಿ ಪರೀಕ್ಷಿಸುತ್ತಾರೆ. ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ ಕೂಟಶಾಸನವೇ ಎಂಬ ಪ್ರಶ್ನೆ ಏಳುತ್ತದೆ. ಅಂದಾಜಿಗೆ ಆಧಾರ ಕೊಟ್ಟವನನ್ನು ನಂಬು, ಆಧಾರವಿಲ್ಲದ ಖಚಿತವನ್ನು ಪರೀಕ್ಷಿಸು ಎಂಬ ಓದಿನ ಶಿಸ್ತು ನಮ್ಮಲ್ಲಿ ನೂರು ವರ್ಷದಿಂದ ಇದೆ. ರೆಸ್ಯೂಮೆ ಓದುವವರು ಅದನ್ನು ತಲೆಕೆಳಗು ಮಾಡಿದ್ದಾರೆ.

ಕೆಲಸವನ್ನೇ ಬಿಟ್ಟುಬಿಡಿ ಎಂಬ ಉಪದೇಶದ ಕೆಡುಕು ಇನ್ನೂ ದೊಡ್ಡದು. ಅದು ಯಾರ ಕೆಲಸವನ್ನು ಅಳಿಸುತ್ತದೆ ನೋಡಿ. ಪಿಎಫ್ ಕಾಯಿದೆ ಇಪ್ಪತ್ತು ಜನರಿರುವ ಸಂಸ್ಥೆಗಳಿಂದ ಮೇಲಕ್ಕೆ. ಇವರ ದಾವಣಗೆರೆಯ ಆಡಿಟರ್ ಆಫೀಸಿನಲ್ಲಿದ್ದವರು ನಾಲ್ಕೇ ಜನ, ಸಂಬಳ ಕವರಿನಲ್ಲಿ ನಗದು. ಆಡಿಟರು ತೀರಿಕೊಂಡರು, ಆಫೀಸು ಮುಚ್ಚಿತು. ಶುದ್ಧವಾದಿಯ ಪ್ರಕಾರ ಆ ಕೆಲಸ ನಡೆದೇ ಇಲ್ಲ. ಆದರೆ ಇವರು ಟ್ಯಾಲಿ ಕಲಿತದ್ದು ಅಲ್ಲಿ, ವ್ಯಾಟ್ ರಿಟರ್ನ್ ತುಂಬಲು ಕಲಿತದ್ದು ಅಲ್ಲಿ. ಆ ಸಾಲನ್ನೂ ಕಟ್ಟಬಹುದು. ಅಂಕಪಟ್ಟಿಯ ತಾರೀಖು ಜುಲೈ 2007, ಸೇರಿದ್ದು ಫಲಿತಾಂಶದ ಮೇಲೆ. ಗಣೇಶನ ಚಂದಾ ಎತ್ತುವಾಗ ಆಗಲೇ ಆಫೀಸಿನಲ್ಲಿದ್ದರು, ಆ ವರ್ಷ ಚೌತಿ ಸೆಪ್ಟೆಂಬರ್ 15ಕ್ಕೆ. ಬಿಟ್ಟದ್ದು 2009ರ ಏಪ್ರಿಲ್ ಕೊನೆಯ ಲೋಕಸಭಾ ಮತದಾನ ಕಳೆದ ಮೇಲೆ, ಜೂನ್‌ನಲ್ಲಿ ಬೆಂಗಳೂರಿನ ಕೋಣೆ ಹಿಡಿಯುವ ಮುಂಚೆ. ಹೀಗೆ ‘ಜುಲೈ/ಸೆಪ್ಟೆಂಬರ್ 2007ರಿಂದ ಏಪ್ರಿಲ್/ಜೂನ್ 2009’, ಕನಿಷ್ಠ ಒಂದು ವರ್ಷ ಏಳು ತಿಂಗಳು. ಇದಕ್ಕೆ ಪೀಣ್ಯದ ಸಾಲಿನಷ್ಟು ಕಾಗದದ ಬಲವಿಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ: ‘ಕಚೇರಿ ಮುಚ್ಚಿದೆ, ದಾಖಲೆ ಇಲ್ಲ, ಜೊತೆಗೆ ಕೆಲಸ ಮಾಡಿದವರು ಹೇಳಬಲ್ಲರು’ ಎಂದು ಬರೆದರೆ ಸಾಕು. ಆ ಹಳೆಯ ಸಹೋದ್ಯೋಗಿಯ ಒಪ್ಪಿಗೆ ಪಡೆದ ಮೇಲೆಯೇ ಅವರ ಫೋನ್ ನಂಬರ್ ಕೊಡಬೇಕು ಅನ್ನಿ.

ಈ ಪದ್ಧತಿಯ ವಿರುದ್ಧ ಹೇಳಬೇಕಾದ್ದೂ ಇದೆ. ನಾಲ್ಕು ತಿಂಗಳ ಹೆಸರು ಹೊತ್ತ ಸಾಲು ಕಣ್ಣಿಗೆ ಭಾರ. ಅಂಥ ಸಾಲು ರೆಸ್ಯೂಮೆಯಲ್ಲಿ ಎರಡಕ್ಕಿಂತ ಹೆಚ್ಚಾದರೆ ಓದುವವರು ತಾಳ್ಮೆಗೆಡುತ್ತಾರೆ. ಮೇರೆಗಳ ಅಂತರ ಮೂರು ತಿಂಗಳನ್ನು ದಾಟಿದರೆ ತಿಂಗಳ ಹೆಸರುಗಳನ್ನು ಬಿಟ್ಟು ‘2009ರ ಮಧ್ಯಭಾಗ’ ಎಂದು ಬರೆಯುವುದೇ ಲೇಸು. ಕೆಲವು ನೇಮಕಾತಿ ಸಾಫ್ಟ್‌ವೇರ್‌ಗಳು ರೆಸ್ಯೂಮೆಯಿಂದ ತಾರೀಖನ್ನು ತಾವೇ ಎತ್ತಿಕೊಳ್ಳುತ್ತವೆ, ‘ಜೂನ್/ಆಗಸ್ಟ್’ ಅವಕ್ಕೆ ದಕ್ಕುವುದಿಲ್ಲ. ಅಲ್ಲಿ ಒಂದೊಂದು ತಿಂಗಳನ್ನು ಮಾತ್ರ ಕೊಟ್ಟು, ಅಂದಾಜು ಎಂಬುದನ್ನು ಕೆಲಸದ ವಿವರದ ಮೊದಲ ವಾಕ್ಯಕ್ಕೆ ಇಳಿಸಬೇಕಾಗುತ್ತದೆ. ಇವೆಲ್ಲ ನಿಜವಾದ ಅನಾನುಕೂಲಗಳು. ಇವುಗಳ ಭಾರಕ್ಕೆ ನನ್ನ ತೀರ್ಪು ಬದಲಾಗುವುದಿಲ್ಲ.

ಕೊನೆಯ ತೊಡಕು ರೆಸ್ಯೂಮೆಯದಲ್ಲ, ಅರ್ಜಿಯದು. ರೆಸ್ಯೂಮೆಯಲ್ಲಿ ಅಂದಾಜು ಎಂದು ಬರೆದವನನ್ನೂ ಆನ್‌ಲೈನ್ ಫಾರಂ ದಿನ ಕೇಳುತ್ತದೆ, ಕೊಡದೆ ಮುಂದಕ್ಕೆ ಬಿಡುವುದಿಲ್ಲ, ಕೆಳಗೆ ‘ಮೇಲಿನ ವಿವರಗಳೆಲ್ಲ ನಿಜ’ ಎಂಬ ಘೋಷಣೆಗೆ ಟಿಕ್ ಹಾಕಿಸಿಕೊಳ್ಳುತ್ತದೆ. ಎಲ್ಲ ಅಂದಾಜು ತಾರೀಖುಗಳಿಗೂ 01 ಎಂದು ಒಂದೇ ದಿನ ಹಾಕುವುದು ವಾಸಿ, 03 ಅಥವಾ 17 ಹಾಕಿದರೆ ಅದು ನೆನಪಿನಂತೆ ಕಾಣುತ್ತದೆ. ಷರಾ ಅಂಕಣವಿದ್ದರೆ ಅಲ್ಲಿ, ಇಲ್ಲದಿದ್ದರೆ ಎಚ್‌ಆರ್‌ನವರಿಗೆ ಅದೇ ದಿನ ಇಮೇಲ್‌ನಲ್ಲಿ, ದಿನಗಳು ಅಂದಾಜು, ತಿಂಗಳ ಮೇರೆ ಇಷ್ಟು, ಆಧಾರ ಪಿಎಫ್ ಸ್ಲಿಪ್ ಮತ್ತು ಪಾಸ್‌ಬುಕ್ ಎಂದು ತಿಳಿಸಬೇಕು. ವೆರಿಫಿಕೇಶನ್ ಏಜೆನ್ಸಿ ಕೇಳುವ ಮೊದಲೇ ಕಳಿಸಿದ ಇಮೇಲ್‌ಗೆ ಒಂದು ಬೆಲೆ, ಕೇಳಿದ ಮೇಲೆ ಕಳಿಸಿದ್ದಕ್ಕೆ ಬೇರೆ ಬೆಲೆ. ಅಮೆರಿಕದ ಸರ್ಕಾರ ತನ್ನ ಗುಪ್ತ ಕಡತಗಳನ್ನು ಮುಟ್ಟುವವರ ಹಿನ್ನೆಲೆ ತಪಾಸಣೆಗೆ ತುಂಬಿಸಿಕೊಳ್ಳುವ SF-86 ಎಂಬ ಫಾರಂ ಇದೆ. ಅದು ಕೆಲಸದ ತಾರೀಖುಗಳನ್ನು ತಿಂಗಳು-ವರ್ಷದಲ್ಲಿ ಕೇಳುತ್ತದೆ, ಪಕ್ಕದಲ್ಲೇ `Est.` ಎಂಬ ಒಂದು ಪುಟ್ಟ ಚೌಕ ಇಟ್ಟಿರುತ್ತದೆ, ಅಂದಾಜಾದರೆ ಟಿಕ್ ಹಾಕಿ ಎಂದು. ಅಷ್ಟು ಕಟ್ಟುನಿಟ್ಟಿನ ತಪಾಸಣೆಗೆ ಸಾಕಾಗುವ ಚೌಕ ನಮ್ಮ ಆಸ್ಪತ್ರೆಯೊಂದರ ಲೆಕ್ಕಪತ್ರ ಸಹಾಯಕನ ಅರ್ಜಿಗೆ ಯಾಕೆ ಸಾಲದು? ಫಾರಂ ಬರೆಸುವ ಎಚ್‌ಆರ್ ಮುಖ್ಯಸ್ಥರು ಆ ಚೌಕವೊಂದನ್ನು ಸೇರಿಸಿ ಎಂದು ತಮ್ಮ ಸಾಫ್ಟ್‌ವೇರ್‌ನವರಿಗೆ ಹೇಳಲಿ. ಅಲ್ಲಿಯವರೆಗೆ ಅಭ್ಯರ್ಥಿಗಳಿಂದ ಖಚಿತ ತಾರೀಖು ಕೇಳುವ ನೈತಿಕ ಹಕ್ಕು ಅವರಿಗಿಲ್ಲ.